ಹೊಳೆಗೆ ಹೆಸರಿಟ್ಟವರು ಯಾರು?

ಪ್ರಶ್ನೆ: "ಸರ್, ನಮ್ಮದು ಹೊಸನಗರ ತಾಲ್ಲೂಕು. ಯಾವ ಸೀಮೆಗೆ ಹೋದರೂ ಊರ ಹೆಸರಿಗಿಂತ ನದಿಯ ಹೆಸರೇ ಹಳೆಯದು ಎಂದು ಓದಿದ್ದೆ. ಹಾಗಾದರೆ ನಮ್ಮ ಕಡೆಯ ಅತಿ ಹಳೆಯ ಹೆಸರು ಶರಾವತಿಯೇ? ರಾಮ ಬಾಣ ಬಿಟ್ಟ ಕಥೆ ಬಿಟ್ಟರೆ ಆ ಹೆಸರಿನಿಂದ ಬೇರೇನಾದರೂ ತಿಳಿಯುತ್ತದೆಯೇ?"

ಉತ್ತರ: ಶರಾವತಿ ಅಲ್ಲ. ಆದರೆ ನೀವು ಓದಿದ್ದೂ ಸುಳ್ಳಲ್ಲ. ಈ ಎರಡೂ ಮಾತು ಒಟ್ಟಿಗೆ ಹೇಗೆ ನಿಜ ಎನ್ನುವುದಕ್ಕೆ ನಿಮ್ಮ ತಾಲ್ಲೂಕಿನಷ್ಟು ಒಳ್ಳೆಯ ಜಾಗ ಬೇರೆ ಸಿಗುವುದು ಕಷ್ಟ.

ಮೊದಲು ಊರುಗಳನ್ನೇ ನೋಡಿ. ಈಗ ನಾವು ನಗರ ಎನ್ನುವ ಊರು ಕೆಳದಿ ಅರಸರ ಕಾಲದಲ್ಲಿ ಬಿದನೂರು, ಅದಕ್ಕೂ ಮೊದಲು ಬಿದಿರಿನ ನೆನಪಿರುವ ಬಿದರೂರು. 1763ರಲ್ಲಿ ಹೈದರಾಲಿ ಅದನ್ನು ಗೆದ್ದ ಮೇಲೆ ಹೈದರ್ ನಗರವಾಯಿತು. ಆಮೇಲೆ ಹೈದರ್ ಉದುರಿ ನಗರ ಉಳಿಯಿತು. ತಾಲ್ಲೂಕು ಕಚೇರಿ ಅಲ್ಲಿಂದ ಕಲ್ಲೂರುಕಟ್ಟೆಗೆ ಬಂದಾಗ ಕಲ್ಲೂರುಕಟ್ಟೆಯ ಹೆಸರು ಹೋಗಿ ಹೊಸನಗರ ಬಂತು. ಅಂದರೆ ನಿಮ್ಮ ಊರ ಹೆಸರು ಇನ್ನೊಂದು ಊರ ಹೆಸರಿನ ತುಂಡು, ಆ ಊರ ಹೆಸರು ಒಬ್ಬ ನವಾಬನ ಹೆಸರಿನ ಉಳಿಕೆ. ಇಷ್ಟೆಲ್ಲ ಆಗುವಾಗ ಪಕ್ಕದಲ್ಲಿ ಹರಿಯುತ್ತಿದ್ದ ನೀರಿನ ಹೆಸರನ್ನು ಯಾರೂ ಮುಟ್ಟಲಿಲ್ಲ.

ಮುಟ್ಟದೆ ಇರುವುದಕ್ಕೆ ಭಕ್ತಿಯೊಂದೇ ಕಾರಣವಲ್ಲ. ಊರಿಗೆ ಒಡೆಯನಿರುತ್ತಾನೆ. ಗೆದ್ದವನು, ಕೆರೆ ಕಟ್ಟಿಸಿದವನು, ದಾನ ಪಡೆದವನು, ಯಾರು ಬೇಕಾದರೂ ಹೆಸರು ಬದಲಿಸಬಹುದು. ಊರು ಪಾಳುಬಿದ್ದರೆ ಹೆಸರೂ ಪಾಳು. ಲಿಂಗನಮಕ್ಕಿಯಲ್ಲಿ ನೀರು ನಿಂತಾಗ ಎಷ್ಟೋ ಹಳ್ಳಿಗಳ ಹೆಸರು ಮುಳುಗಿದ್ದನ್ನು ನಿಮ್ಮ ಮನೆಯ ಹಿರಿಯರೇ ಕಂಡಿರುತ್ತಾರೆ. ಹೊಳೆ ಹಾಗಲ್ಲ. ಅದು ನೂರಾರು ಊರುಗಳ ನಡುವಿನ ಸಾಮಾನು. ಮೇಲಿನ ಊರಿನವನು ಒಂದು ಹೆಸರಿಟ್ಟು ಕೆಳಗಿನ ಊರಿನವನು ಇನ್ನೊಂದಿಟ್ಟರೆ ಮಾತು ನಡೆಯುವುದಿಲ್ಲ. ಹೊಸ ಭಾಷೆಯ ಜನ ಬಂದು ನೆಲೆಸಿದಾಗಲೂ ತಮ್ಮ ಕೇರಿಗೆ ತಮ್ಮದೇ ಹೆಸರಿಡುತ್ತಾರೆ, ಹೊಳೆಯ ಹೆಸರನ್ನು ಮಾತ್ರ ಅಲ್ಲಿದ್ದವರನ್ನು ಕೇಳಿಕೊಳ್ಳುತ್ತಾರೆ.

ಹೀಗೆ ಕೇಳಿಕೊಳ್ಳುವಾಗ ಒಂದು ತಮಾಷೆ ನಡೆಯುತ್ತದೆ. ನಮ್ಮ ವಿಷಯಕ್ಕೆ ಅದೇ ಮುಖ್ಯ. ಇಂಗ್ಲೆಂಡಿನಲ್ಲಿ ಏವನ್ ಎಂಬ ಹೆಸರಿನ ನದಿಗಳು ಹಲವಾರಿವೆ. ಇಂಗ್ಲಿಷ್ ಮಾತಾಡುವವರು ಅಲ್ಲಿಗೆ ಬರುವ ಮೊದಲು ಇದ್ದವರ ಭಾಷೆಯಲ್ಲಿ ಆ ಪದಕ್ಕೆ ನದಿ ಎಂದಷ್ಟೇ ಅರ್ಥ. ವೇಲ್ಸ್‌ನಲ್ಲಿ ಇವತ್ತಿಗೂ ನದಿಗೆ ಅವೊನ್ ಎನ್ನುತ್ತಾರೆ. ಬಂದವರು "ಇದೇನು?" ಎಂದು ಕೇಳಿದರು, ಇದ್ದವರು "ಹೊಳೆ" ಎಂದರು, ಬಂದವರು ಅದನ್ನೇ ಹೆಸರೆಂದು ತಿಳಿದು ತಮ್ಮ ಪದವನ್ನೂ ಸೇರಿಸಿ "ಹೊಳೆ ನದಿ" ಮಾಡಿಕೊಂಡರು. ನಮ್ಮ ಸಿಂಧುವೂ ಇದೇ ಜಾತಿಯದು, ಸಂಸ್ಕೃತದಲ್ಲಿ ಸಿಂಧು ಎಂದರೆ ನದಿ. ಇಷ್ಟು ದೂರ ಹೋಗಬೇಕಾಗಿಯೂ ಇಲ್ಲ. ಮಲೆನಾಡಿನಲ್ಲಿ ಮೇಲಿನಿಂದ ಧುಮುಕುವ ನೀರಿಗೆ ಅಬ್ಬಿ ಎನ್ನುತ್ತೇವೆ. ಆಗುಂಬೆಗೆ ಹೋಗುವ ಪ್ರವಾಸಿಗರು "ಒನಕೆ ಅಬ್ಬಿ ಫಾಲ್ಸ್" ಎನ್ನುತ್ತಾರೆ. ಮಾತು ಗೊತ್ತಿಲ್ಲದವರ ಬಾಯಲ್ಲಿ ಸಾಮಾನ್ಯ ಪದವೊಂದು ಹೆಸರಾಗಿ ಗಟ್ಟಿಯಾಗುವುದು ನಮ್ಮ ಕಣ್ಣೆದುರೇ ನಡೆಯುತ್ತಿದೆ.

ಇದರಿಂದ ಒಂದು ಸೂತ್ರ ಸಿಗುತ್ತದೆ. ನದಿಯ ಹೆಸರು ಅರ್ಥವಾಗದ ಒಗಟಾಗಿ ಉಳಿದಿದ್ದರೆ, ಆ ದಡದಲ್ಲಿ ಯಾವುದೋ ಕಾಲದಲ್ಲಿ ಜನರ ಭಾಷೆ ಬದಲಾಗಿರುವ ಸಾಧ್ಯತೆ ಹೆಚ್ಚು. ಭಾಷೆ ಬದಲಾಗದೆ ಇದ್ದರೆ ಹೊಳೆ ಎಂಬ ಪದ ಹೊಳೆಯಾಗಿಯೇ ಉಳಿಯುತ್ತದೆ, ಹೆಸರಾಗುವುದಿಲ್ಲ.

ಈಗ ಶರಾವತಿಗೆ ಬರೋಣ. ಈ ಹೆಸರು ಒಗಟಲ್ಲ. ಶರ ಎಂದರೆ ಬಾಣ, ಬಾಣ ಮಾಡಲು ಬಳಸುವ ಜೊಂಡಿನಂಥ ಹುಲ್ಲಿಗೂ ಅದೇ ಹೆಸರು. "ವತಿ" ಎಂದರೆ ಅದು ಉಳ್ಳವಳು. ಆದರೆ ನಡುವಿನ ಆ ದೀರ್ಘವನ್ನು ಗಮನಿಸಿ. ಶರ, ವತಿ ಎರಡನ್ನೂ ಸುಮ್ಮನೆ ಜೋಡಿಸಿದರೆ ಶರವತಿ ಆಗಬೇಕಿತ್ತು. ರಕಾರಕ್ಕೆ ಆ ದೀರ್ಘ ಬಂದಿರುವುದು ಪಾಣಿನಿಯ ಒಂದು ನಿಯಮದಿಂದ: ಶರ, ವಂಶ, ಮಣಿ ಮೊದಲಾದ ಕೆಲವು ಪದಗಳಿಗೆ ವತಿ ಸೇರಿ ಹೆಸರಾಗುವಾಗ ಕೊನೆಯ ಸ್ವರ ದೀರ್ಘವಾಗುತ್ತದೆ. ಪಕ್ಕದ ಕುಮುದ್ವತಿಯಲ್ಲಿ ಇದಕ್ಕೆ ತದ್ವಿರುದ್ಧ. ಕುಮುದವತಿ ಆಗಬೇಕಿದ್ದಲ್ಲಿ ಒಂದು ಸ್ವರವೇ ಬಿದ್ದುಹೋಗಿದೆ. ಅದಕ್ಕೂ ಪಾಣಿನಿಯಲ್ಲಿ ಬೇರೆಯದೇ ನಿಯಮವಿದೆ, ಕುಮುದ ಮತ್ತು ಇನ್ನೆರಡು ಪದಗಳಿಗೆ ಮಾತ್ರ. ಭತ್ತದ ಗದ್ದೆಯ ಅಂಚಿನಲ್ಲಿ ನಿಂತು ಮಾತಿನ ಓಘದಲ್ಲಿ ಹುಟ್ಟಿದ ರೂಪಗಳು ಇವಲ್ಲ. ವ್ಯಾಕರಣ ಓದಿದವರ ಬಾಯಿಂದ ಬಂದವು. ಸೊರಬದ ದಂಡಾವತಿಯಲ್ಲೂ ದೀರ್ಘ ಇದೆ, ಆದರೆ ಅಲ್ಲಿ ಅದಕ್ಕೆ ನಿಯಮದ ಆಧಾರವಿಲ್ಲ. ಶರಾವತಿ, ಅಮರಾವತಿಗಳ ಧಾಟಿ ಕಿವಿಯಲ್ಲಿದ್ದವರು ಹಾಗೆ ಎಳೆದಿದ್ದಾರೆ ಎನಿಸುತ್ತದೆ. ಇಂಥ ಸಣ್ಣ ತಪ್ಪು ಸಿಕ್ಕಿದಾಗ ನನಗೆ ಬಹಳ ಖುಷಿ, ಹೆಸರಿಟ್ಟವರ ಮುಖ ಅರೆಕ್ಷಣ ಕಂಡ ಹಾಗಾಗುತ್ತದೆ.

ಇನ್ನೊಂದು ಸಾಕ್ಷಿ. ಶರಾವತಿ ಎಂಬ ನದಿ ಅಮರಕೋಶದಲ್ಲೇ ಬರುತ್ತದೆ. ಆದರೆ ಅದು ನಮ್ಮ ಹೊಳೆಯಲ್ಲ. ಭಾರತವನ್ನು ಪೂರ್ವದ ಸೀಮೆ, ಉತ್ತರದ ಸೀಮೆ ಎಂದು ಭಾಗ ಮಾಡುವ ಗಡಿಯಾಗಿ ಅಲ್ಲಿ ಅದರ ಹೆಸರು ಹೇಳಿದೆ. ಅಂಥ ಗಡಿ ಉತ್ತರದಲ್ಲಿರಬೇಕೇ ಹೊರತು ಜೋಗದ ಬಳಿ ಅಲ್ಲ. ಅಂದರೆ ಸಂಸ್ಕೃತ ಬಲ್ಲವರ ಕೈಯಲ್ಲಿ ಈ ಹೆಸರು ಮೊದಲೇ ಸಿದ್ಧವಾಗಿತ್ತು. ಕಾಶಿಯ ಹೆಸರನ್ನು ಊರೂರಿಗೆ ಇಟ್ಟ ಹಾಗೆ ನದಿಯ ಹೆಸರನ್ನೂ ತಂದಿಡಬಹುದು.

ರಾಮನ ಬಾಣದ ಕಥೆಯನ್ನು ಬಿಟ್ಟುಬಿಡಬೇಡಿ. ಕಥೆ ನಡೆದದ್ದಕ್ಕೆ ಅದು ಸಾಕ್ಷಿಯಲ್ಲದೇ ಇರಬಹುದು, ಹೆಸರು ಹುಟ್ಟಿದ ಬಗೆಗೆ ಸಾಕ್ಷಿ. ಹೊಳೆ ಹುಟ್ಟುವ ಜಾಗ ತೀರ್ಥಹಳ್ಳಿ ತಾಲ್ಲೂಕಿನ ಅಂಬುತೀರ್ಥ. ಕನ್ನಡದಲ್ಲಿ ಅಂಬು ಎಂದರೆ ಬಾಣ, ಸಂಸ್ಕೃತದಲ್ಲಿ ಅಂಬು ಎಂದರೆ ನೀರು. ನೀರು ಎಂಬ ಅರ್ಥದ ಅಂಬುವನ್ನು ಕನ್ನಡದ ಕಿವಿ ಬಾಣ ಎಂದು ಕೇಳಿಸಿಕೊಂಡು, ಆ ಬಾಣಕ್ಕೊಬ್ಬ ರಾಮನನ್ನು ಕರೆತಂದು, ಅದನ್ನೇ ಮತ್ತೆ ಸಂಸ್ಕೃತಕ್ಕೆ ತಿರುಗಿಸಿ ಶರ ಮಾಡಿರಬಹುದು. ಅಥವಾ ಶರಾವತಿ ಎಂಬ ಹೆಸರು ಮೊದಲು ಬಂದು, ಅದರ ಮೂಲಕ್ಕೆ ಹೊಂದುವ ಹಾಗೆ ಅಂಬುತೀರ್ಥ ಆಗಿರಬಹುದು. ಯಾವುದು ಮೊದಲು ಎನ್ನುವುದಕ್ಕೆ ಹಳೆಯ ಶಾಸನದ ಉಲ್ಲೇಖ ಬೇಕು, ಕಥೆಯಿಂದ ತೀರ್ಮಾನವಾಗುವುದಿಲ್ಲ. ಆದರೆ ಹೇಗೆ ತಿರುಗಿಸಿದರೂ ಈ ಜೋಡಿ ಎರಡೂ ಭಾಷೆ ಬಲ್ಲವರ ನಡುವೆಯೇ ಹುಟ್ಟಿದ್ದು.

ಹಾಗಾದರೆ ಕೆಳಗಿನ ಪದರ ಎಲ್ಲಿದೆ? ದಡದ ಊರ ಹೆಸರುಗಳಲ್ಲಿ ಕೂತಿದೆ, ದಿನಾ ಹೇಳುತ್ತಿದ್ದರೂ ಕಾಣುವುದಿಲ್ಲ. ಸಿಗಂದೂರಿಗೆ ಲಾಂಚ್ ಹತ್ತುತ್ತಿದ್ದ ಜಾಗದ ಹೆಸರು ಹೊಳೆಬಾಗಿಲು. ಶರಾವತಿಬಾಗಿಲು ಅಲ್ಲ. ಭದ್ರೆಯ ದಡದಲ್ಲಿರುವುದು ಹೊಳೆಹೊನ್ನೂರು. ಹೇಮಾವತಿಯ ದಡದಲ್ಲಿ ಹೊಳೆನರಸೀಪುರ, ಮಲಪ್ರಭೆಯ ದಡದಲ್ಲಿ ಹೊಳೆಆಲೂರು. ಬೇರೆ ಹೊನ್ನೂರು, ಬೇರೆ ನರಸೀಪುರಗಳಿಂದ ತಮ್ಮದನ್ನು ಬೇರ್ಪಡಿಸಿ ಹೇಳಬೇಕಾದಾಗ ಜನರಿಗೆ ಸಾಕಾದದ್ದು ಹೊಳೆ ಎಂಬ ಒಂದೇ ಪದ. ಯಾವ ಹೊಳೆ ಎಂದು ಕೇಳುವ ಪ್ರಶ್ನೆಯೇ ಇಲ್ಲ, ಊರಿಗೆ ಇರುವುದು ಒಂದೇ ಹೊಳೆ. ತುಂಗೆಯೂ ಭದ್ರೆಯೂ ಸೇರುವ ಜಾಗವನ್ನು ನೋಡಿ, ಅದು ಕೂಡ್ಲಿ, ಕೂಡುವ ಜಾಗ ಅಷ್ಟೆ. ಎರಡು ನದಿಗಳ ಹೆಸರೂ ಅದರಲ್ಲಿಲ್ಲ.

ಈಗ ಇದರ ಎದುರಿಗೆ ಭದ್ರಾವತಿಯನ್ನು ಇಟ್ಟು ನೋಡಿ. ನದಿಯ ಸಂಸ್ಕೃತ ಹೆಸರನ್ನೇ ಹೊತ್ತ ದೊಡ್ಡ ಊರು ಅದು. ಆದರೆ ಅದರ ಹಳೆಯ ಹೆಸರು ಬೆಂಕಿಪುರ, ಭದ್ರಾವತಿ ಎಂಬುದು ಈಚೆಗೆ ಇಟ್ಟದ್ದು. ಶಿವಮೊಗ್ಗದ ಶರಾವತಿ ನಗರದ ವಯಸ್ಸನ್ನಂತೂ ಹೇಳಬೇಕಾಗಿಲ್ಲ. ನದಿಯ ಪುಸ್ತಕದ ಹೆಸರು ಊರಿನ ಮೇಲೆ ಬಂದು ಕೂತಿರುವುದು ಹೊಸ ಕಾಲದಲ್ಲಿ. ಹೊಳೆ ಎಂಬ ಪದ ಸೇರಿರುವುದು ಹಳೆಯ ಕಾಲದಲ್ಲಿ.

ದೊಡ್ಡ ನದಿಗಳಿಗೂ ಇದೇ ನಡೆದದ್ದುಂಟು. ಹಳಗನ್ನಡದ ಶಾಸನಗಳಲ್ಲಿ ಕೃಷ್ಣೆಯನ್ನು ಪೆರ್ದೊರೆ ಎಂದು ಕರೆದಿದ್ದಾರೆ. ಪಿರಿದಾದ ತೊರೆ, ದೊಡ್ಡ ಹೊಳೆ ಎಂದು ಅರ್ಥ. ಪಕಾರ ಹಕಾರವಾದ ಮೇಲೆ ಅದೇ ಹೆದ್ದೊರೆಯಾಯಿತು. ಕೃಷ್ಣೆಗೂ ತುಂಗಭದ್ರೆಗೂ ನಡುವಿನ ನಾಡು ಎಡೆದೊರೆ ನಾಡು. ಆದರೂ ಒಂದು ಎಚ್ಚರ ಬೇಕು. ಕೃಷ್ಣೆಯ ಹೆಸರಿನ ಪ್ರಾಕೃತ ರೂಪ ಕ್ರಿಸ್ತಪೂರ್ವದ್ದೆಂದು ಸಾಮಾನ್ಯವಾಗಿ ಒಪ್ಪಿರುವ ಕಳಿಂಗದ ಅರಸ ಖಾರವೇಲನ ಹಾಥಿಗುಂಫಾ ಶಾಸನದಲ್ಲೇ ಇದೆ ಎಂದು ಹಲವರು ಗುರುತಿಸಿದ್ದಾರೆ, ಪೆರ್ದೊರೆ ಬರಹದಲ್ಲಿ ಸಿಗುವುದು ಅದರಿಂದ ನೂರಾರು ವರ್ಷ ಈಚೆಗೆ. ಹಾಗಂತ ಪೆರ್ದೊರೆ ಹೊಸದು ಎನ್ನಲಾಗದು, ಏಕೆಂದರೆ ಕನ್ನಡದ ಬರಹವೇ ಈಚೆಗೆ ಶುರುವಾದದ್ದು. ಬರಹದಲ್ಲಿ ಮೊದಲು ಸಿಗುವುದೇ ಮೊದಲು ಹುಟ್ಟಿದ್ದು ಎಂದು ಲೆಕ್ಕ ಹಾಕಿದರೆ ಎಡವುತ್ತೇವೆ. ಬನವಾಸಿ 2ನೇ ಶತಮಾನದ ಟಾಲೆಮಿಯ ಭೂಗೋಳದಲ್ಲೇ ಬಂದಿದೆ. ವ್ಯಾಪಾರಿಗಳಿಗೆ ಬೇಕಾದದ್ದು ಪೇಟೆ, ಅದನ್ನು ಬರೆದುಕೊಂಡರು. ಹಿಂದಿನ ಹೊಳೆಯನ್ನು ಬರೆದುಕೊಳ್ಳುವ ಗರಜು ಅವರಿಗಿರಲಿಲ್ಲ.

ಇಷ್ಟು ಹೇಳಿದ ಮೇಲೆ ನನ್ನ ತೀರ್ಮಾನ ಹೀಗೆ. ಶರಾವತಿಯ ದಡದಲ್ಲಿ ಏವನ್ ಥರದ ಒಗಟು ಹೆಸರು ಸಿಗದೆ ಇರುವುದಕ್ಕೆ ಬಹುಶಃ ಕಾರಣ, ಹೊಳೆ ಎನ್ನುವವರು ಅಲ್ಲಿಂದ ಕದಲದೆ ಇದ್ದದ್ದು. ಪದಕ್ಕೆ ಅರ್ಥ ಗೊತ್ತಿರುವವರು ಪೀಳಿಗೆಯಿಂದ ಪೀಳಿಗೆಗೆ ಅಲ್ಲೇ ಇದ್ದರು, ಹಾಗಾಗಿ ಪದ ಪದವಾಗಿಯೇ ಉಳಿಯಿತು. ಅವರಿಗೆ ಹೆಸರು ಬೇಕಾಗಿರಲಿಲ್ಲ. ಹೆಸರು ಬೇಕಾದದ್ದು ಹೊಳೆಯನ್ನು ದೂರದಿಂದ ನೋಡುವವರಿಗೆ: ತೀರ್ಥಯಾತ್ರೆಗೆ ಬಂದವರಿಗೆ, ಸ್ಥಳಪುರಾಣ ಬರೆದವರಿಗೆ, ದಾನಪತ್ರ ಮಾಡಿಸಿದವರಿಗೆ. ಖಾಲಿ ಇದ್ದ ಆ ಜಾಗದಲ್ಲಿ ಶರಾವತಿ, ಕುಮುದ್ವತಿ, ವರದಾ ಬಂದು ಕೂತವು. ಕರಾವಳಿಯ ಕಡೆಯಿಂದ ಬಂದ ಬ್ರಿಟಿಷರು ಜೋಗದ ಜಲಪಾತವನ್ನು ಕೆಳಗಿನ ಊರಿನ ಹೆಸರು ಹಿಡಿದು ಗೇರುಸೊಪ್ಪೆ ಫಾಲ್ಸ್ ಎಂದರಲ್ಲ, ಅದೂ ಇಂಥದ್ದೇ. ದೂರದವರು ತಾವು ಬಂದ ದಾರಿಯಿಂದ ಹೆಸರಿಡುತ್ತಾರೆ.

ಇದಕ್ಕೂ ಮಿತಿಯಿದೆ. ಹೊಳೆ ಎಂಬುದಕ್ಕೆ ಹಳಗನ್ನಡದಲ್ಲಿ ಪೊೞೆ ಎನ್ನುತ್ತಿದ್ದರು. ಮಲಯಾಳದ ಪುೞ ಅದರ ಅಕ್ಕತಂಗಿ. ಆದರೆ ತಮಿಳು, ಮಲಯಾಳಗಳಲ್ಲಿ ನದಿಗೆ ಆರು ಎಂಬ ಪದವೂ ಇದೆ, ತೆಲುಗಿನಲ್ಲಿ ಏರು. ನಮ್ಮ ಇಂದಿನ ಮಾತಿನಲ್ಲಿ ನದಿಗೆ ಆರು ಎನ್ನುವುದಿಲ್ಲ. ಹೊಳೆ ಎಂಬ ಪದ ಬಳಕೆಯಲ್ಲಿ ಗಟ್ಟಿಯಾಗುವ ಮೊದಲು ಅಲ್ಲಿ ಬೇರೆ ಪದವಿದ್ದಿದ್ದರೆ ಹೊಳೆಯಿಂದ ಕೂಡಿದ ಹೆಸರುಗಳು ಅದನ್ನು ಹೇಳಲಾರವು. ಹಾಗಾಗಿ ನಿಮ್ಮ ಕಾಡಿನೊಳಗೆ ಕೊನೆಯಲ್ಲಿ "ಆರು" ಬರುವ ಒಂದು ಹಳ್ಳ ಸಿಕ್ಕಿದರೆ, ಅದು ಊರು ಎಂಬುದರ ಸವಕಲು ರೂಪ ಅಲ್ಲ ಎಂದು ಖಾತ್ರಿ ಮಾಡಿಕೊಂಡ ಮೇಲೆ, ನನಗೆ ದಯವಿಟ್ಟು ತಿಳಿಸಿ.

ತುಂಗೆಯ ಬಗ್ಗೆಯೂ ನೀವು ಮುಂದೆ ಕೇಳಬಹುದು. ಸಂಸ್ಕೃತದ ತುಂಗ ಎಂದರೆ ಎತ್ತರ. ಹೊಳೆಗೆ ಎತ್ತರ ಎಂದು ಹೆಸರಿಡುವುದು ವಿಚಿತ್ರ ಎಂದು, ಒದ್ದೆ ನೆಲದಲ್ಲಿ ಬೆಳೆಯುವ ತುಂಗೆ ಹುಲ್ಲಿಗೆ ಅದನ್ನು ಗಂಟುಹಾಕಲು ಮನಸ್ಸಾಗುತ್ತದೆ. ಅತ್ತ ಶರದ ಹುಲ್ಲು, ಇತ್ತ ತುಂಗೆ ಹುಲ್ಲು, ಎಷ್ಟು ಚೆಂದ! ಆದರೆ ಪದ ಹೊಂದಿದ ಮಾತ್ರಕ್ಕೆ ಮೂಲ ಸಿಕ್ಕಿತು ಎನ್ನಲಾಗದು. ಹುಟ್ಟುವ ಗಂಗಾಮೂಲದ ಕಡೆಯ ಹಳೆಯ ಆಡುಮಾತಿನಲ್ಲಿ, ಹಳೆಯ ಶಾಸನದಲ್ಲಿ ಅದಕ್ಕೆ ಆಸರೆ ಸಿಗುವವರೆಗೆ ನಾನು ರುಜು ಹಾಕುವುದಿಲ್ಲ.

ರುಜು ಹಾಕಿ ಕೆಟ್ಟವನು ನಾನು, ಅದಕ್ಕೇ ಈ ಮಾತು. ಹಳೆಯ ಗೆಜೆಟಿಯರುಗಳಲ್ಲಿ ಕುಮುದ್ವತಿಗೆ ಚೋರಡಿ ಎಂಬ ಇನ್ನೊಂದು ಹೆಸರು ಕೊಟ್ಟಿದೆ. ಪ್ರಾಯದಲ್ಲಿ ಅದನ್ನು ಓದಿ ಕುಣಿದಾಡಿದ್ದೆ. ಸಂಸ್ಕೃತದ ಹೆಸರಿನ ಅಡಿಯಲ್ಲಿ ಅರ್ಥವಾಗದ ಇನ್ನೊಂದು ಹೆಸರು, ಹಾಗಾದರೆ ಕನ್ನಡಕ್ಕೂ ಹಿಂದಿನದು ಎಂದು ನಾಲ್ಕು ಪುಟ ಬರೆದೂ ಆಯಿತು. ಆಮೇಲೆ ಶಿವಮೊಗ್ಗ-ಸಾಗರ ರಸ್ತೆಯಲ್ಲಿ ಚೋರಡಿ ಸೇತುವೆಯ ಬಳಿ ಬಸ್ಸಿಳಿದು, ಹೊಳೆಗುಂಟ ಕೆಳಗೆ ನಡೆದು, ಎಮ್ಮೆ ಮೈ ತೊಳೆಯುತ್ತಿದ್ದ ಒಬ್ಬ ಅಜ್ಜರನ್ನು "ಇದು ಚೋರಡಿ ಹೊಳೆ ಅಲ್ವಾ ಅಜ್ಜ?" ಎಂದು ಕೇಳಿದೆ. "ಚೋರಡಿ ಹೊಳೆ ಅಂದ್ರೆ ಚೋರಡಿಲಿ ಹರಿಯೋದು ಮಾರಾಯ್ರೇ. ನಮ್ಮಲ್ಲಿಗೆ ಬಂದ್ರೆ ಇದು ಹೊಳೆ, ಅಷ್ಟೆ" ಎಂದರು. ಎಮ್ಮೆಯ ಬೆನ್ನು ಉಜ್ಜುವುದನ್ನು ನಿಲ್ಲಿಸಲೂ ಇಲ್ಲ. ಚೋರಡಿ ಊರ ಹೆಸರು. ರಸ್ತೆ ಹೊಳೆಯನ್ನು ದಾಟುವ ಜಾಗದಲ್ಲಿ ಕೇಳಿ ಬರೆದುಕೊಂಡವರು ಒಂದು ಊರಿನ ಹೆಸರನ್ನು ಇಡೀ ಹೊಳೆಗೆ ಅಂಟಿಸಿದ್ದರು. ನನ್ನ ನಾಲ್ಕು ಪುಟ ಅಲ್ಲೇ ಹೊಳೆಪಾಲು.

ಈ ಬಲೆಗೆ ನೀವೂ ಬೀಳಬಹುದು, ಏಕೆಂದರೆ ಶರಾವತಿಗೆ ಬಂದು ಸೇರುವ ಹೊಳೆಗಳಲ್ಲಿ ಒಂದರ ಹೆಸರು ಹಿಲ್ಕುಂಜಿ. ಉಳಿದವುಗಳಲ್ಲಿ ಹೆಚ್ಚಿನವು ತಿಳಿನೀರಿನ ಹಾಗೆ ಅರ್ಥವಾಗುತ್ತವೆ: ಮಾವಿನಹೊಳೆ, ಎಣ್ಣೆಹೊಳೆ, ಹುರುಳಿಹೊಳೆ, ನಂದಿಹೊಳೆ. ಹರಿದ್ರಾವತಿ ಮಾತ್ರ ಸಂಸ್ಕೃತದ ಸೀರೆ ಉಟ್ಟಿದೆ, ಹರಿದ್ರಾ ಎಂದರೆ ಅರಿಶಿನ. ಹಿಲ್ಕುಂಜಿ ಹೀಗೆ ಬಿಡಿಸಲು ಬರುವುದಿಲ್ಲ, ಹಾಗಾಗಿ ಹಳೆಯದು ಎಂದು ಕೂಗಬೇಕೆನಿಸುತ್ತದೆ. ಆದರೆ ಹಿಲ್ಕುಂಜಿ ನಿಮ್ಮ ತಾಲ್ಲೂಕಿನ ಒಂದು ಊರೂ ಹೌದು. ಊರಿಂದ ಹೊಳೆಗೆ ಹೋಯಿತೋ ಹೊಳೆಯಿಂದ ಊರಿಗೆ ಬಂತೋ ಎಂಬುದು ಇತ್ಯರ್ಥವಾಗದೆ ಮುಂದೆ ಹೋಗುವ ಹಾಗಿಲ್ಲ.

ಇತ್ಯರ್ಥ ಮಾಡುವ ದಾರಿ ಎರಡು. ಒಂದು ಶಾಸನ. ಶಿವಮೊಗ್ಗ ಜಿಲ್ಲೆಯ ಶಾಸನಗಳನ್ನು ಬಿ. ಎಲ್. ರೈಸ್ ಎಪಿಗ್ರಾಫಿಯಾ ಕರ್ನಾಟಿಕಾದ 7 ಮತ್ತು 8ನೇ ಸಂಪುಟಗಳಲ್ಲಿ, 1902 ಮತ್ತು 1904ರಲ್ಲಿ ಪ್ರಕಟಿಸಿದರು. ಹಳೆಯ ನಗರ ತಾಲ್ಲೂಕಿನ ಭಾಗ 8ನೆಯದರಲ್ಲಿದೆ. ಅದನ್ನು ತೆರೆದು ಅರಸರ ಹೊಗಳಿಕೆಯನ್ನು ದಾಟಿ, ಕೊಟ್ಟ ಭೂಮಿಯ ಎಲ್ಲೆ ಹೇಳುವ ಸಾಲುಗಳಿಗೆ ಹೋಗಿ. ಸಂಸ್ಕೃತದಲ್ಲಿ ಶುರುವಾದ ದಾನಶಾಸನಗಳೂ ಎಲ್ಲೆ ಹೇಳುವಾಗ ಹಲವು ಕಡೆ ಕನ್ನಡಕ್ಕೆ ಇಳಿಯುತ್ತವೆ. ಗಡಿಯ ಜಗಳ ಬಂದರೆ ಊರಿನ ಗೌಡನಿಗೆ ಅರ್ಥವಾಗಬೇಕಲ್ಲ! ಮೂಡಲಿಗೆ ಯಾವ ಹಳ್ಳ, ಪಡುವಲಿಗೆ ಯಾವ ಮರ, ಎಲ್ಲಿ ನೆಟ್ಟ ಕಲ್ಲು ಎಂದು ಬರೆದಿರುವಲ್ಲಿ ಆ ಕಾಲದ ಆಡುಮಾತಿನ ಹೆಸರು ಹಾಗೇ ಸಿಗುತ್ತದೆ.

ಎರಡನೆಯದು ಬಾಯಿಮಾತು, ಅದನ್ನು ಕೇಳುವುದರಲ್ಲೇ ಎಲ್ಲ ಇದೆ. "ಈ ಹೊಳೆಯ ಹೆಸರೇನು?" ಎಂದು ಮಾತ್ರ ಕೇಳಬೇಡಿ. ಹಾಗೆ ಕೇಳಿದರೆ ನಿಮ್ಮನ್ನು ಓದಿದವರೆಂದು ತಿಳಿದು ಶಾಲೆಯ ಪುಸ್ತಕದ ಹೆಸರನ್ನೇ ಹೇಳುತ್ತಾರೆ, ಅಥವಾ ನೀವು ನೊಂದುಕೊಳ್ಳಬಾರದೆಂದು ಏನೋ ಒಂದು ಹೇಳುತ್ತಾರೆ. ದನ ನೀರಿಗೆ ಎಲ್ಲಿ ಬಿಡುತ್ತಿದ್ದಿರಿ, ಮಳೆಗಾಲದಲ್ಲಿ ಸಂಕ ಎಲ್ಲಿ ಹಾಕುತ್ತಿದ್ದರು, ಮೀನು ಸಿಗುವ ಮಡು ಯಾವುದು, ಬೇಸಿಗೆಯಲ್ಲೂ ಆರದ ಗುಂಡಿ ಯಾವುದು ಎಂದು ಕೇಳಿ. ಹೆಸರುಗಳು ತಾವಾಗಿಯೇ ಉದುರುತ್ತವೆ. ಹಿಲ್ಕುಂಜಿಯ ಮಟ್ಟಿಗೆ ಮೇಲೆ ಹೊಳೆ ಹುಟ್ಟುವಲ್ಲಿ, ಊರಿನ ಹತ್ತಿರ, ಕೆಳಗೆ ಹಿನ್ನೀರು ಸೇರುವಲ್ಲಿ, ಹೀಗೆ ಮೂರು ಜಾಗದಲ್ಲಿ, ಎರಡೂ ದಡದಲ್ಲಿ ಕೇಳಿ. ಊರಿನ ಹತ್ತಿರ ಮಾತ್ರ ಹಿಲ್ಕುಂಜಿ ಎಂದು ಬೇರೆ ಕಡೆ ಬರೀ ಹೊಳೆ ಎಂದರೆ ಅದು ನನ್ನ ಚೋರಡಿಯ ತಂಗಿ. ಆ ಊರಿನ ಸುದ್ದಿಯೇ ಇಲ್ಲದ ಮೇಲಿನ ಕಾಡಿನಲ್ಲೂ ಹೊಳೆಗೆ ಅದೇ ಹೆಸರಿದ್ದರೆ ನನಗೊಂದು ಕಾಗದ ಹಾಕಿ. ಮಳೆ ಹಿಡಿಯುವ ಮೊದಲು ಹೋಗಿ, ಆಮೇಲೆ ಆಚೆ ದಡಕ್ಕೆ ದಾಟುವುದು ಕಷ್ಟ.